ಗೋಡೌನ್ ಖಾಲಿ ಇತ್ತು, ರಿಜಿಸ್ಟರ್ ತುಂಬಿತ್ತು

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಪ್ಪನ ಫೋನು ಬಂತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಅನಿಸಿತು.

"ನಿಮ್ಮ ಪೇಜಲ್ಲಿ 'ಇಂದಿನ ದರ' ಅಂತ ಹಾಕಿದ್ದೀರಲ್ಲೋ, ಅದನ್ನ ನೋಡ್ಕೊಂಡು ದೂರದ ಮಂಡಿಗೆ ನಲವತ್ತು ಬಾಕ್ಸ್ ಟೊಮೆಟೊ ತಂದೆ. ಇಲ್ಲಿ ಕೇಳಿದ್ರೆ ಆ ರೇಟು ಶನಿವಾರದ್ದಂತೆ. ಬಾಕ್ಸಿಗೆ ನೂರೈವತ್ತು ಬಿದ್ದೋಗಿದೆ. ಹತ್ತಿರದ ಮಂಡೀಲೇ ಇಳಿಸಿದ್ರೆ ಟೆಂಪೋ ಬಾಡಿಗೆ ಆದ್ರೂ ಉಳೀತಿತ್ತು."

ನಾನು ಪೇಜು ತೆಗೆದು ನೋಡಿದೆ. ಹೌದು, ಶನಿವಾರದ್ದೇ. ಭಾನುವಾರ, ಸೋಮವಾರ ಎರಡು ರಾತ್ರಿ ನಮ್ಮ ಪುಟಗಳು ಹೊಸದಾಗಿ ಕಟ್ಟಲ್ಪಟ್ಟೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಪೇಜು ತೆರೆಯುತ್ತಿತ್ತು, ದರ ಕಾಣುತ್ತಿತ್ತು. ಅದು ಹಳೆಯ ದರ ಅನ್ನುವುದೊಂದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಆ ದಿನ ನಾನು ಎರಡು ತಪ್ಪು ಮಾಡಿದೆ. ಒಂದು ಹಿಂದೆಯೇ ಮಾಡಿ ಮರೆತಿದ್ದು, ಇನ್ನೊಂದು ಫೋನು ಇಟ್ಟ ಅರ್ಧ ಗಂಟೆಯಲ್ಲಿ ಗಾಬರಿಯಿಂದ ಮಾಡಿದ್ದು. ಊರಿನ ಕೆಲಸಕ್ಕೆ ಅಂತ ಸಣ್ಣ ಸರ್ವರ್ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಇದ್ದೀರಿ. ಅವರಿಗೂ, ಅಂಥ ಪೇಜು ನೋಡಿ ಮಾಲು ಹಾಕುವವರಿಗೂ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ರಾತ್ರಿ ಹನ್ನೊಂದರ ಕೆಲಸ

ನಮ್ಮ ದರದ ಪೇಜು ನಡೆಯುವುದು ಹೀಗೆ. ಸುತ್ತಮುತ್ತಲ ಹನ್ನೆರಡು ಮಾರುಕಟ್ಟೆಗಳ ದರವನ್ನು ಸಂಜೆ ಹೊತ್ತಿಗೆ ಒಂದೊಂದು ಪಟ್ಟಿಯಲ್ಲಿ ತುಂಬುತ್ತೇವೆ. ರಾತ್ರಿ ಹನ್ನೊಂದಕ್ಕೆ ಒಂದು ಪೈಥಾನ್ ಪ್ರೋಗ್ರಾಂ ಆ ಪಟ್ಟಿಗಳನ್ನು ಓದಿ ಪುಟಗಳನ್ನೆಲ್ಲ ಬರೆದಿಡುತ್ತದೆ. ಇದನ್ನೇ ನಾವು ಬಿಲ್ಡ್ ಅನ್ನುತ್ತೇವೆ. ಬೆಳಿಗ್ಗೆ ನೀವು ಫೋನಿನಲ್ಲಿ ತೆರೆದಾಗ ಸರ್ವರು ಬರೆದಿಟ್ಟ ಪುಟವನ್ನು ಕೊಟ್ಟುಬಿಡುತ್ತದೆ, ಆಗ ಲೆಕ್ಕ ಹಾಕುವ ಕೆಲಸ ಏನೂ ಇರುವುದಿಲ್ಲ. ಅದಕ್ಕೇ 1 ಜಿಬಿ ಮೆಮೊರಿಯ ಅಗ್ಗದ ಸರ್ವರಿನಲ್ಲಿ ಇದು ನಡೆಯುತ್ತದೆ, ಸಿಗ್ನಲ್ ಕಡಿಮೆ ಇರುವ ಕಡೆಯೂ ಬೇಗ ತೆರೆಯುತ್ತದೆ.

ಪ್ರತಿ ಮಾರುಕಟ್ಟೆಗೆ, ಪ್ರತಿ ದಿನಕ್ಕೆ ಒಂದು ಪುಟ. ರಜೆ ದಿನಕ್ಕೂ "ಇಂದು ವಹಿವಾಟು ಇಲ್ಲ" ಅಂತ ಒಂದು ಪುಟ. ಹನ್ನೆರಡು ಮಾರುಕಟ್ಟೆ, ಮೂರು ವರ್ಷ ಅಂದರೆ 13,140 ಪುಟ. ಮೇಲಿನ ಮೆನುವಿನಲ್ಲಿ ಒಂದು ಪದ ಬದಲಾದರೂ ಎಲ್ಲ ಪುಟ ಬದಲಾಗಬೇಕು. ಹಾಗಾಗಿ ದಿನಾ ರಾತ್ರಿ ಎಲ್ಲವನ್ನೂ ಹೊಸದಾಗಿಯೇ ಬರೆಯುತ್ತಿದ್ದೆವು.

ಇನ್ನೊಂದು ಜಾಗ್ರತೆ ಇತ್ತು. ಹೊಸ ಪುಟಗಳನ್ನು ಹಳೆಯದರ ಮೇಲೆ ಬರೆಯುತ್ತಿರಲಿಲ್ಲ. `releases` ಅನ್ನುವ ಫೋಲ್ಡರಿನೊಳಗೆ ಆ ದಿನದ ಹೆಸರಿನಲ್ಲಿ ಬೇರೆಯೇ ಪ್ರತಿ ಮಾಡಿ, ಪೂರ್ತಿ ಮುಗಿದ ಮೇಲಷ್ಟೇ `current` ಅನ್ನುವ ಗುರುತನ್ನು ಅದರ ಕಡೆ ತಿರುಗಿಸುತ್ತಿದ್ದೆವು. ಬಿಲ್ಡ್ ಮಧ್ಯದಲ್ಲಿ ನಿಂತರೆ ಗುರುತು ತಿರುಗುವುದಿಲ್ಲ, ಜನರಿಗೆ ಅರೆಬರೆ ಪೇಜು ಕಾಣುವುದಿಲ್ಲ. ಚಿಕ್ಕಪ್ಪನಿಗೆ ಶನಿವಾರದ ಪೇಜು ಅಷ್ಟು ನೀಟಾಗಿ ಕಂಡಿದ್ದು ಇದೇ ಜಾಗ್ರತೆಯಿಂದ.

ಹಳೆಯ ಪ್ರತಿಗಳನ್ನು ಅಳಿಸುವ ಸಾಲನ್ನು ಪ್ರೋಗ್ರಾಮಿಗೆ ಸೇರಿಸಬೇಕು ಅಂತ ಇತ್ತು. "ಆಮೇಲೆ ಮಾಡೋಣ" ಅಂದುಕೊಂಡಿದ್ದೆ. ಅದೇ ನನ್ನ ಮೊದಲ ತಪ್ಪು.

ದೊಡ್ಡದನ್ನು ಅಳಿಸಿದೆ

ಫೋನು ಇಟ್ಟು ಸರ್ವರಿಗೆ ಹೋಗಿ ಬಿಲ್ಡ್ ಅನ್ನು ಕೈಯಾರೆ ಓಡಿಸಿದೆ. ಕೂಡಲೇ ನಿಂತಿತು. ಪರದೆಯ ಮೇಲೆ ಹೀಗೆ ಬಂತು:

```
OSError: [Errno 28] No space left on device
```

ಡಿಸ್ಕಿನಲ್ಲಿ ಜಾಗ ಉಳಿದಿಲ್ಲ ಅಂತ ಅರ್ಥ. ನಾನು ಅದನ್ನು ಹಾಗೆಯೇ ನಂಬಿದೆ. ಬಾಡಿಗೆಗೆ ಹಿಡಿದಿದ್ದು 20 ಜಿಬಿಯ ಸಣ್ಣ ಡಿಸ್ಕು, ತುಂಬಿರಬೇಕು, ದೊಡ್ಡದನ್ನು ತೆಗೆದರೆ ಆಯಿತು ಅಂದುಕೊಂಡೆ. ಅಲ್ಲಿ ಎಲ್ಲಕ್ಕಿಂತ ದೊಡ್ಡವು ನಮ್ಮ ಧ್ವನಿಮುದ್ರಣಗಳ ನಾಲ್ಕು ಕಟ್ಟು, ಒಟ್ಟು ಸುಮಾರು 4 ಜಿಬಿ. ಊರಿನ ಹಿರಿಯರನ್ನು ಮಾತಾಡಿಸಿದ್ದು. ಇವೆಲ್ಲ ಗೆಳತಿಯ ಲ್ಯಾಪ್‌ಟಾಪಿನಲ್ಲೂ ಇವೆ ಅಂತ ನೆನಪಿತ್ತು. ನಾಲ್ಕನ್ನೂ ಅಳಿಸಿದೆ. ಸರ್ವರಿನಲ್ಲಿ `rm` ಅಂದರೆ ಮುಗಿಯಿತು, ಫೋನಿನಲ್ಲಿ ಇರುವ ಹಾಗೆ ಕಸದಬುಟ್ಟಿಯಿಂದ ಮತ್ತೆ ಎತ್ತಿಕೊಳ್ಳಲು ಆಗುವುದಿಲ್ಲ.

ಮತ್ತೆ ಬಿಲ್ಡ್ ಓಡಿಸಿದೆ. ಅದೇ ಸಾಲು. 4 ಜಿಬಿ ಖಾಲಿ ಮಾಡಿಕೊಟ್ಟರೂ ಜಾಗ ಇಲ್ಲ ಅನ್ನುತ್ತಿತ್ತು. ಆಗ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ:

```
$ df -h /srv
Filesystem  Size  Used Avail Use%
/dev/sdb     20G  7.4G   12G  40%
```

ನೂರಕ್ಕೆ ನಲವತ್ತು ತುಂಬಿದೆ, 12 ಜಿಬಿ ಹತ್ತಿರ ಖಾಲಿ ಇದೆ ಅಂತ ಇದರ ಅರ್ಥ. ನಮ್ಮ ಒಂದು ಬಿಲ್ಡಿಗೆ ಬೇಕಾಗಿದ್ದು 230 ಎಂಬಿ. ಐವತ್ತು ಬಿಲ್ಡ್ ಹಿಡಿಸುವಷ್ಟು ಜಾಗ ಇಟ್ಟುಕೊಂಡು ಡಿಸ್ಕು ಜಾಗ ಇಲ್ಲ ಅನ್ನುತ್ತಿದೆ.

ಕಾಲೇಜಿನಲ್ಲಿ ನಮಗಿಂತ ಎರಡು ವರ್ಷ ಮುಂದಿದ್ದ ಅಣ್ಣ ಒಬ್ಬರು ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತಾರೆ. ಅವರಿಗೆ ಫೋನು ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ, "`df -i` ಹಾಕಿ ನೋಡಪ್ಪ" ಅಂದರು.

```
$ df -i /srv
Inodes   IUsed    IFree  IUse%
1310720  1310720      0   100%
```

"ಜಾಗ ಇದೆ, ಐನೋಡ್ ಮುಗಿದಿದೆ. ಇನ್ನೇನನ್ನೂ ಅಳಿಸಬೇಡ" ಅಂದರು.

"ಅಳಿಸಿಬಿಟ್ಟೆ ಅಣ್ಣಾ" ಅಂದೆ.

"ಏನನ್ನ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಲ್ಕು ಫೈಲು ಅಳಿಸಿದ್ದಕ್ಕೆ ನಾಲ್ಕು ಐನೋಡ್ ಸಿಕ್ಕಿರತ್ತೆ. ಎರಡನೇ ಸಲ ಬಿಲ್ಡ್ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿರತ್ತೆ, ಅಷ್ಟೇ" ಅಂದರು.

ಐನೋಡ್ ಅಂದರೆ ಏನು

ಸೊಸೈಟಿ ಗೋಡೌನ್ ನೆನಪಿಸಿಕೊಳ್ಳಿ. ಒಳಗೆ ಮೂಟೆ ಇಡುವ ಜಾಗ ಒಂದು ಕಡೆ, ಬಾಗಿಲ ಹತ್ತಿರದ ಮೇಜಿನ ಮೇಲೆ ರಿಜಿಸ್ಟರ್ ಇನ್ನೊಂದು ಕಡೆ. ಒಳಗೆ ಏನು ಹೋದರೂ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು: ಯಾರದು, ಎಷ್ಟು, ಯಾವಾಗ ಬಂತು, ಯಾವ ಮೂಲೆಯಲ್ಲಿ ಇಟ್ಟಿದೆ. ಐವತ್ತು ಕೆಜಿಯ ಮೂಟೆಗೂ ಒಂದೇ ಸಾಲು, ಕಾಲು ಕೆಜಿ ಬೀಜದ ಪೊಟ್ಟಣಕ್ಕೂ ಒಂದೇ ಸಾಲು. ಸಾಲು ಬರೆಯದೆ ಯಾವುದನ್ನೂ ಒಳಗೆ ಬಿಡುವುದಿಲ್ಲ.

ಆ ರಿಜಿಸ್ಟರಿನ ಒಂದು ಸಾಲೇ ಐನೋಡ್. ಪ್ರತಿ ಫೈಲಿಗೂ ಒಂದು ಬೇಕು. ಫೈಲಿನ ಮಾಲೀಕ, ಅಳತೆ, ಸಮಯ, ಡಿಸ್ಕಿನಲ್ಲಿ ಅದು ಎಲ್ಲಿದೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಒಂದು ಮಾತು ನನಗೂ ಅವತ್ತೇ ಗೊತ್ತಾಗಿದ್ದು: ಫೋಲ್ಡರಿಗೂ ಒಂದು ಐನೋಡ್ ಬೇಕು.

ಲಿನಕ್ಸ್ ಸರ್ವರುಗಳಲ್ಲಿ ಹೆಚ್ಚಾಗಿ ಬಳಸುವ `ext4` ಅನ್ನುವ ವ್ಯವಸ್ಥೆಯಲ್ಲಿ ಈ ರಿಜಿಸ್ಟರನ್ನು ಡಿಸ್ಕು ಫಾರ್ಮ್ಯಾಟ್ ಮಾಡುವ ದಿನವೇ ಹೊಲಿದುಬಿಡುತ್ತಾರೆ. ಆಮೇಲೆ ಅದಕ್ಕೆ ಮಾತ್ರ ಹಾಳೆ ಸೇರಿಸಲು ಬರುವುದಿಲ್ಲ. ಡಿಸ್ಕನ್ನೇ ದೊಡ್ಡದು ಮಾಡಿದರೆ ಅದರ ಜೊತೆಗೆ, ಅದೇ ಪ್ರಮಾಣದಲ್ಲಿ, ಹೆಚ್ಚುತ್ತದೆ. ನಾವು ಏನೂ ಹೇಳದಿದ್ದರೆ ಸಾಮಾನ್ಯವಾಗಿ 16 ಕೆಬಿ ಜಾಗಕ್ಕೆ ಒಂದು ಐನೋಡ್ ಅನ್ನುವ ಲೆಕ್ಕದಲ್ಲಿ ಮಾಡುತ್ತದೆ. 20 ಜಿಬಿಯನ್ನು 16 ಕೆಬಿಯಿಂದ ಭಾಗಿಸಿ, 13,10,720 ಬರುತ್ತದೆ. ಮೇಲೆ ಪರದೆಯಲ್ಲಿ ಕಂಡ ಸಂಖ್ಯೆ ಅದೇ.

ಇದರಲ್ಲೇ ಗುಟ್ಟು ಇದೆ. ಡಿಸ್ಕಿನಲ್ಲಿರುವ ಫೈಲುಗಳು ಸರಾಸರಿ 16 ಕೆಬಿಗಿಂತ ದೊಡ್ಡವಾದರೆ ಮೊದಲು ಜಾಗ ಮುಗಿಯುತ್ತದೆ. ಸರಾಸರಿ ಅದಕ್ಕಿಂತ ಚಿಕ್ಕವಾದರೆ ಮೊದಲು ರಿಜಿಸ್ಟರ್ ಮುಗಿಯುತ್ತದೆ. ಫೋಟೊ, ಹಾಡು, ವಿಡಿಯೊ ಇಡುವವರಿಗೆ ಐನೋಡ್ ಅನ್ನುವ ಹೆಸರೇ ಜೀವಮಾನದಲ್ಲಿ ಎದುರಾಗದೆ ಇರಬಹುದು. ನಮ್ಮಂತೆ ಪುಟಾಣಿ ಪುಟಗಳನ್ನು ಸಾವಿರ ಸಾವಿರ ಬರೆಯುವವರಿಗೆ ಅದೇ ಮೊದಲು ಅಡ್ಡ ಬರುತ್ತದೆ.

ನಮ್ಮ ಲೆಕ್ಕ ನೋಡಿ. ಒಂದು ದಿನದ ಪುಟ ಅಂದರೆ ಒಂದು ಫೋಲ್ಡರ್, ಅದರೊಳಗೆ ಪುಟದ ಫೈಲು, ಪಕ್ಕದಲ್ಲಿ ಬರೀ ಅಂಕಿಗಳಿರುವ ಇನ್ನೊಂದು ಸಣ್ಣ ಫೈಲು. ಮೂರು ಐನೋಡ್. ಡಿಸ್ಕು ಜಾಗವನ್ನು 4 ಕೆಬಿಯ ಖಾನೆಗಳಾಗಿ ಕೊಡುತ್ತದೆ. ಫೋಲ್ಡರಿಗೆ ಒಂದು ಖಾನೆ, 5 ಕೆಬಿಯ ಪುಟಕ್ಕೆ ಎರಡು, 1 ಕೆಬಿಯ ಅಂಕಿಗೆ ಒಂದು. ಮೂರಕ್ಕೂ ಸೇರಿ 16 ಕೆಬಿ. ಅಂದರೆ ಒಂದು ಸಾಲಿನ ಪಾಲಿನ ಜಾಗದಲ್ಲಿ ನಾವು ಮೂರು ಸಾಲು ಖರ್ಚು ಮಾಡುತ್ತಿದ್ದೆವು. ಗೋಡೌನಿನ ಮೂರನೇ ಒಂದು ಭಾಗ ತುಂಬುವಷ್ಟರಲ್ಲಿ ರಿಜಿಸ್ಟರ್ ಮುಗಿಯಲೇಬೇಕಿತ್ತು.

13,140 ಪುಟಕ್ಕೆ ಮೂರರಂತೆ 39,420. ಬೆಳೆವಾರು ಪುಟ, ಚಿತ್ರ ಎಲ್ಲ ಸೇರಿ ಒಂದು ಬಿಲ್ಡಿಗೆ ಸುಮಾರು 41,000. ಹೊಸ ಡಿಸ್ಕಿಗೆ ಬಂದು ತಿಂಗಳಾಗಿತ್ತು. ಮೂವತ್ತೊಂದು ರಾತ್ರಿ ಸರಾಗವಾಗಿ ನಡೆಯಿತು. ಮೂವತ್ತೆರಡನೇ ಬಿಲ್ಡ್ ಇನ್ನೇನು ಮುಗಿಯಬೇಕು ಅನ್ನುವಾಗ ಕೊನೆಯ ಸಾಲು ಖರ್ಚಾಯಿತು. ಅದು ಭಾನುವಾರದ ರಾತ್ರಿ.

ಮತ್ತೆ ಸರ್ವರು ಜಾಗ ಇಲ್ಲ ಅಂತ ಯಾಕೆ ಸುಳ್ಳು ಹೇಳಿತು? ಅದು ಸುಳ್ಳಲ್ಲ. ಖಾನೆ ಮುಗಿದರೂ, ಐನೋಡ್ ಮುಗಿದರೂ ಹೇಳುವುದಕ್ಕೆ ಲಿನಕ್ಸಿನಲ್ಲಿ ಇರುವುದು ಒಂದೇ ಮಾತು, ಆ 28ನೇ ನಂಬರಿನ ದೋಷ. ಗೋಡೌನಿನವನು ಬಾಗಿಲಲ್ಲೇ "ಆಗಲ್ಲ ಹೋಗ್ರಿ" ಅನ್ನುತ್ತಾನೆ. ಒಳಗೆ ಜಾಗ ಇಲ್ಲವೋ, ಪುಸ್ತಕದಲ್ಲಿ ಸಾಲು ಇಲ್ಲವೋ ನಾವೇ ಕೇಳಿ ತಿಳಿಯಬೇಕು. ಜಾಗ ಕೇಳುವುದಕ್ಕೆ `df -h`, ಸಾಲು ಕೇಳುವುದಕ್ಕೆ `df -i`. ಎರಡನ್ನೂ ಕೇಳದೆ ಏನನ್ನೂ ಅಳಿಸಬಾರದು.

ಬಿಡಿಸಿಕೊಂಡ ಬಗೆ

ಸಾಲುಗಳನ್ನು ತಿಂದವರು ಯಾರು ಅಂತ ಹುಡುಕಲು ಅಣ್ಣ ಒಂದು ಸಾಲು ಹೇಳಿಕೊಟ್ಟರು. ಇದು ಫೋಲ್ಡರುಗಳ ತೂಕ ನೋಡುವುದಿಲ್ಲ, ಒಳಗಿನ ತಲೆ ಎಣಿಸುತ್ತದೆ:

```
du --inodes -x -d 2 /srv | sort -n | tail
```

ಹದಿಮೂರು ಲಕ್ಷದಲ್ಲಿ ಹೆಚ್ಚೂಕಡಿಮೆ ಎಲ್ಲವೂ `releases` ಒಳಗೆ ಇದ್ದವು. ಹಳೆಯ ಪ್ರತಿಗಳನ್ನು ತೆಗೆಯುವುದು ಸುಲಭ ಅನಿಸಿತು. ತಾರೀಖಿನ ಹೆಸರಿದೆ, ಕೊನೆಯ ಮೂರನ್ನು ಬಿಟ್ಟು ಉಳಿದದ್ದನ್ನು ಅಳಿಸಿದರೆ ಆಯಿತು. ಕೈ ಇಡುವ ಮುಂಚೆ ಅಣ್ಣ ತಡೆದರು. "ಕೊನೇ ಮೂರು ಯಾವುವು ಅಂತ ಮೊದಲು ನೋಡು" ಅಂದರು.

ನೋಡಿದರೆ ಕೊನೆಯ ಮೂರು ಅಂದರೆ ಭಾನುವಾರದ ಅರ್ಧ, ಸೋಮವಾರದ ಖಾಲಿ, ಮಂಗಳವಾರ ನಾನು ಓಡಿಸಿದ ಖಾಲಿ. ಜನ ನೋಡುತ್ತಿದ್ದ ಶನಿವಾರದ ಪ್ರತಿ ಅಳಿಸುವ ಪಟ್ಟಿಯಲ್ಲಿತ್ತು. ಆ ಸಾಲು ಓಡಿಸಿದ್ದರೆ ಹಳೆಯ ದರದ ಪೇಜೂ ಹೋಗಿ ಏನೂ ಉಳಿಯುತ್ತಿರಲಿಲ್ಲ. ಬಿಲ್ಡ್ ಕೆಟ್ಟಾಗಲೇ ನಾವು ಅಳಿಸಲು ಕೂರುತ್ತೇವೆ, ಬಿಲ್ಡ್ ಕೆಟ್ಟಾಗಲೇ ಹೊಸದೆಲ್ಲ ಕಸವಾಗಿರುತ್ತದೆ. ಅದಕ್ಕೆ ಮೊದಲು ಈಗ ಯಾವುದು ನಡೆಯುತ್ತಿದೆ ಅಂತ ಕೇಳಬೇಕು:

```
readlink -f /srv/site/current
```

ಅದನ್ನು ಬರೆದಿಟ್ಟುಕೊಂಡು, ಕೆಟ್ಟ ಮೂರನ್ನು ಮೊದಲು ತೆಗೆದು, ಆಮೇಲೆ ಹಳೆಯದನ್ನು ಒಂದೊಂದಾಗಿ ಹೆಸರು ಬರೆದು ತೆಗೆದೆ. ಲಕ್ಷಗಟ್ಟಲೆ ಸಣ್ಣ ಫೈಲು ಅಳಿಸುವುದು ಒಂದು ದೊಡ್ಡ ಫೈಲು ಅಳಿಸಿದ ಹಾಗಲ್ಲ. ಪ್ರತಿಯೊಂದರ ಸಾಲನ್ನೂ ಹುಡುಕಿ ಹೊಡೆದುಹಾಕಬೇಕು. ಹತ್ತು ನಿಮಿಷದ ಹತ್ತಿರ ಹಿಡಿಯಿತು. ಮತ್ತೆ `df -i` ಹಾಕಿದಾಗ ನೂರಕ್ಕೆ ಹತ್ತರ ಹತ್ತಿರ ಬಂದಿತ್ತು. ಬಿಲ್ಡ್ ಓಡಿತು. ಹನ್ನೊಂದು ಗಂಟೆಗೆ ಸೋಮವಾರದ ದರ ಪೇಜಿನಲ್ಲಿ ಬಂತು. ಅಷ್ಟು ಹೊತ್ತಿಗೆ ಚಿಕ್ಕಪ್ಪ ಸಿಕ್ಕಿದ ದರಕ್ಕೆ ಮಾಲು ಇಳಿಸಿ ವಾಪಸ್ ಹೊರಟಿದ್ದರು.

ಆಮೇಲೆ ಬದಲಾಯಿಸಿದ್ದು

ರಿಜಿಸ್ಟರ್ ದೊಡ್ಡದು ಮಾಡುವ ದಾರಿ ಇದೆ. ಫಾರ್ಮ್ಯಾಟ್ ಮಾಡುವಾಗ `mkfs.ext4 -i 8192` ಅಂದರೆ 8 ಕೆಬಿಗೆ ಒಂದು ಐನೋಡ್, ಅಂದರೆ ಎರಡರಷ್ಟು ಸಿಗುತ್ತದೆ. ಅದಕ್ಕೆ ಬೆಲೆಯೂ ಇದೆ. ಒಂದು ಐನೋಡ್ 256 ಬೈಟು ತಿನ್ನುತ್ತದೆ, ನಮ್ಮ ಡಿಸ್ಕಿನಲ್ಲಿ ರಿಜಿಸ್ಟರಿಗೇ 320 ಎಂಬಿ ಹೋಗುತ್ತಿದ್ದದ್ದು 640 ಎಂಬಿ ಆಗುತ್ತದೆ. ಮುಖ್ಯವಾಗಿ, ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. `xfs` ಅನ್ನುವ ಇನ್ನೊಂದು ವ್ಯವಸ್ಥೆ ಐನೋಡುಗಳನ್ನು ಬೇಕಾದಾಗ ಬೇಕಾದಷ್ಟು ಮಾಡಿಕೊಳ್ಳುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನು ಯೋಚಿಸಬಹುದು.

ನಾವು ಡಿಸ್ಕು ಮುಟ್ಟಲಿಲ್ಲ, ಪುಟಗಳನ್ನು ಮುಟ್ಟಿದೆವು. ಎರಡು ವರ್ಷದ ಹಿಂದಿನ ಒಂದು ಬುಧವಾರದ ದರವನ್ನು ಅದರದ್ದೇ ಪುಟದಲ್ಲಿ ನೋಡುವವರು ಯಾರು? ಹಳೆಯದನ್ನು ನೋಡುವವರು ತಿಂಗಳಿನ ಏರಿಳಿತ ನೋಡಲು ಬರುತ್ತಾರೆ. ಹಾಗಾಗಿ ಕೊನೆಯ ಮೂವತ್ತು ದಿನಕ್ಕೆ ಮಾತ್ರ ದಿನಕ್ಕೊಂದು ಪುಟ, ಅದಕ್ಕಿಂತ ಹಳೆಯದು ತಿಂಗಳಿಗೊಂದು ಪುಟ ಅಂತ ಮಾಡಿದೆವು. 41,000 ಇದ್ದದ್ದು ನಾಲ್ಕು ಸಾವಿರದ ಒಳಗೆ ಬಂತು. ವಾಟ್ಸಾಪಿನಲ್ಲಿ ಹಂಚಿಕೊಂಡ ಹಳೆಯ ಲಿಂಕುಗಳು ಮುರಿಯುತ್ತಿದ್ದವು. ಆ ದಿನದ ಲಿಂಕು ಒತ್ತಿದರೆ ಆ ತಿಂಗಳ ಪುಟಕ್ಕೆ ಹೋಗುವ ಹಾಗೆ ಸರ್ವರಿನಲ್ಲಿ ಒಂದು ನಿಯಮ ಬರೆದೆವು.

ಹಳೆಯ ಪ್ರತಿ ಅಳಿಸುವ ಕೆಲಸ ಈಗ ಪ್ರೋಗ್ರಾಮೇ ಮಾಡುತ್ತದೆ. ಬಿಲ್ಡ್ ಪೂರ್ತಿಯಾಗಿ, ಗುರುತು ತಿರುಗಿದ ಮೇಲೆ ಮಾತ್ರ ಅಳಿಸುತ್ತದೆ, ಗುರುತು ಇರುವ ಪ್ರತಿಯನ್ನು ಎಂದೂ ಮುಟ್ಟುವುದಿಲ್ಲ. ಶುರುವಾಗುವ ಮುಂಚೆ ಈ ಎರಡು ಸಾಲು ರಿಜಿಸ್ಟರ್ ನೋಡಿಕೊಳ್ಳುತ್ತವೆ:

```
u=$(df --output=ipcent /srv | tail -1 | tr -dc 0-9)
[ "$u" -lt 85 ] || exit 1
```

ನೂರಕ್ಕೆ ಎಂಬತ್ತೈದು ಮುಟ್ಟಿದರೆ ಬಿಲ್ಡ್ ಶುರುವೇ ಆಗುವುದಿಲ್ಲ. ಬಿಲ್ಡ್ ಯಾವ ಕಾರಣಕ್ಕೆ ನಿಂತರೂ ನಮ್ಮ ಮೂವರ ಫೋನಿಗೂ ಮೆಸೇಜು ಬರುತ್ತದೆ. ಮೊದಲು ದೋಷದ ಸಾಲು ಲಾಗ್ ಫೈಲಿನಲ್ಲಿ ಕೂತಿರುತ್ತಿತ್ತು, ಯಾರೂ ಓದುತ್ತಿರಲಿಲ್ಲ.

ಇನ್ನೊಂದು ಗಾಬರಿ: ಕೈತುಂಬ ಫೈಲು

ಇದಾಗಿ ಎರಡು ತಿಂಗಳಿಗೆ ಬಿಲ್ಡ್ ಮತ್ತೆ ನಿಂತಿತು. ಈ ಸಲ ಮೆಸೇಜು ಬಂದಿತ್ತು, ರಾತ್ರಿಯೇ ಎದ್ದು ಕೂತೆ. ಸಾಲು ಬೇರೆ ಇತ್ತು:

```
OSError: [Errno 24] Too many open files
```

ಪಾಠ ಕಲಿತಿದ್ದೆನಲ್ಲ, ಮೊದಲು `df -h`, ಆಮೇಲೆ `df -i`. ಎರಡೂ ಅರ್ಧಕ್ಕಿಂತ ಕೆಳಗೆ. ಇದು ಡಿಸ್ಕಿನ ಮಾತೇ ಅಲ್ಲ. ನಂಬರು 28 ಅಲ್ಲ, 24.

ಗೋಡೌನಿಗೇ ಹೋಗೋಣ. ಹಮಾಲಿ ಒಬ್ಬ ಒಂದು ಸಲಕ್ಕೆ ಇಷ್ಟೇ ಮೂಟೆ ಹಿಡಿಯಬಹುದು ಅನ್ನುವ ನಿಯಮ ಇದೆ ಅಂತಿಟ್ಟುಕೊಳ್ಳಿ. ಗೋಡೌನಿನಲ್ಲಿ ಜಾಗ ಇದೆ, ರಿಜಿಸ್ಟರಿನಲ್ಲಿ ಸಾಲೂ ಇದೆ. ಆದರೆ ಇವನು ಹಿಡಿದ ಮೂಟೆಯನ್ನು ಕೆಳಗಿಡದೆ ಇನ್ನೊಂದಕ್ಕೆ ಕೈ ಚಾಚುತ್ತಿದ್ದಾನೆ. ಒಂದು ಪ್ರೋಗ್ರಾಂ ಏಕಕಾಲಕ್ಕೆ ಎಷ್ಟು ಫೈಲು ತೆರೆದಿಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. `ulimit -n` ಅಂದರೆ ಅದು ಕಾಣುತ್ತದೆ. ನಮ್ಮಲ್ಲಿ ಇದ್ದದ್ದು 1024, ಬಹಳ ಕಡೆ ಅಷ್ಟೇ ಇರುತ್ತದೆ.

ಆ ವಾರ ನಾವು ಊರಹಬ್ಬದ ಫೋಟೊಗಳನ್ನು ಸೇರಿಸಿದ್ದೆವು. ಫೋಟೊ ಚಿಕ್ಕದು ಮಾಡುವ ನಮ್ಮ ಪ್ರೋಗ್ರಾಂ ಮೊದಲು ಎಲ್ಲ ಫೋಟೊಗಳನ್ನು ತೆರೆದು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಆಮೇಲೆ ಒಂದೊಂದನ್ನೇ ಚಿಕ್ಕದು ಮಾಡುತ್ತಿತ್ತು. ಪೈಥಾನಿನ ಪಿಲ್ಲೋ ಅನ್ನುವ ಸಲಕರಣೆಯಲ್ಲಿ ಫೋಟೊ ತೆರೆದರೆ ಅದು ತಲೆಬರಹವನ್ನಷ್ಟೇ ಓದಿ, ಉಳಿದದ್ದನ್ನು ಬೇಕಾದಾಗ ಓದೋಣ ಅಂತ ಫೈಲನ್ನು ಹಿಡಿದುಕೊಂಡೇ ಇರುತ್ತದೆ. ಒಂಬೈನೂರು ಫೋಟೊ ಇದ್ದಾಗ ಏನೂ ಆಗಿರಲಿಲ್ಲ. ಸಾವಿರದ ಗಡಿ ದಾಟಿದ ರಾತ್ರಿ ನಿಂತಿತು. ಸಾವಿರದ ಇಪ್ಪತ್ತೊಂದು ತೆರೆದಾಗಿತ್ತು, ಇಪ್ಪತ್ತೆರಡನೆಯದು ತೆರೆಯಲಿಲ್ಲ. ಮಿತಿ 1024 ಇದ್ದರೂ ಮೂರು ಕಡಿಮೆ ಯಾಕೆ ಅಂದರೆ, ಪ್ರತಿ ಪ್ರೋಗ್ರಾಂ ಹುಟ್ಟುವಾಗಲೇ ಮೂರನ್ನು ಹಿಡಿದು ಬರುತ್ತದೆ: ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ, ದೋಷ ಹೇಳುವ ದಾರಿ.

ಮಿತಿಯನ್ನು 4096ಕ್ಕೆ ಏರಿಸಬಹುದಿತ್ತು. ಮುಂದಿನ ಹಬ್ಬಕ್ಕೆ, ಇಲ್ಲವೇ ಅದರ ಮುಂದಿನದಕ್ಕೆ ಮತ್ತೆ ನಿಲ್ಲುತ್ತಿತ್ತು. ಅದರ ಬದಲು ಒಂದು ತೆರೆ, ಚಿಕ್ಕದು ಮಾಡು, ಮುಚ್ಚು, ಆಮೇಲೆ ಇನ್ನೊಂದು ಅಂತ ಪ್ರೋಗ್ರಾಮನ್ನು ತಿದ್ದಿದೆ. ಈಗ ಹತ್ತು ಸಾವಿರ ಫೋಟೊ ಇದ್ದರೂ ಕೈಯಲ್ಲಿ ನಾಲ್ಕೈದು ಫೈಲು ಮಾತ್ರ. ಓಡುತ್ತಿರುವ ಪ್ರೋಗ್ರಾಮಿನ ಕೈಯಲ್ಲಿ ಎಷ್ಟಿವೆ ಅಂತ ಅನುಮಾನ ಬಂದರೆ ಅದರ ನಂಬರು ಹಾಕಿ `ls /proc/ನಂಬರು/fd | wc -l` ಅಂತ ಎಣಿಸಬಹುದು. ಆ ಸಂಖ್ಯೆ ಏರುತ್ತಲೇ ಹೋಗಿ ಇಳಿಯುವುದೇ ಇಲ್ಲ ಅಂದರೆ ಯಾರೋ ಮೂಟೆ ಕೆಳಗಿಡುತ್ತಿಲ್ಲ ಅಂತ ಅರ್ಥ.

ಹೀಗೆ ಕೈಯಲ್ಲಿ ಹಿಡಿದ ಫೈಲಿನಿಂದ ಡಿಸ್ಕಿನ ಲೆಕ್ಕವೂ ತಪ್ಪುವುದುಂಟು. ದೊಡ್ಡ ಲಾಗ್ ಫೈಲನ್ನು ಅಳಿಸಿದರೂ ಅದನ್ನು ಬರೆಯುತ್ತಿರುವ ಪ್ರೋಗ್ರಾಂ ಹಿಡಿದುಕೊಂಡೇ ಇದ್ದರೆ ಹೆಸರು ಹೋಗುತ್ತದೆ, ಜಾಗ ಬಿಡುಗಡೆ ಆಗುವುದಿಲ್ಲ. `df -h` ತುಂಬಿದೆ ಅನ್ನುತ್ತದೆ, ಫೋಲ್ಡರುಗಳನ್ನು ಕೂಡಿಸಿದರೆ ಅಷ್ಟು ಬರುವುದಿಲ್ಲ. ಆಗ `lsof +L1` ಅಂತ ಕೇಳಿದರೆ ಹಿಡಿದವನ ಹೆಸರು ಸಿಗುತ್ತದೆ. ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಜಾಗ ವಾಪಸು ಬರುತ್ತದೆ.

ಬಾರದೆ ಹೋದದ್ದು

ಧ್ವನಿಮುದ್ರಣದ ನಾಲ್ಕು ಕಟ್ಟಿನಲ್ಲಿ ಮೂರು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಇದ್ದವು. ಒಂದು ಇರಲಿಲ್ಲ. ಅದು ನೀರುಗಂಟಿ ಅಜ್ಜನದು. ಕೆರೆ ತುಂಬಿದ ವರ್ಷಗಳಲ್ಲಿ ತೂಬು ಎತ್ತಿದ ಮೇಲೆ ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಎಷ್ಟು ಹೊತ್ತು, ನೀರು ಕಡಿಮೆ ಇದ್ದರೆ ಯಾರ ಪಾಲು ಹೇಗೆ ಇಳಿಸಬೇಕು ಅಂತ ಎರಡೂವರೆ ಗಂಟೆ ಹೇಳಿದ್ದರು. ಗದ್ದೆಗಳ ಹಳೆಯ ಹೆಸರು ಒಂದೊಂದನ್ನೂ ಹೇಳಿದ್ದರು.

ಮತ್ತೆ ಹೋದೆವು. ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ, ಕೂತು ಹೇಳಿದರು. ನಲವತ್ತು ನಿಮಿಷಕ್ಕೆ ದಣಿದರು. ಕೆಲವು ಗದ್ದೆಗಳ ಹೆಸರು ಅವರಿಗೆ ನೆನಪಿಗೆ ಬರಲಿಲ್ಲ. "ಹೋದ್ಸಲ ಹೇಳಿದ್ನಲ್ಲಪ್ಪ, ಅದ್ರಲ್ಲೇ ನೋಡ್ಕೋ" ಅಂದರು. ನಾನು ತಲೆ ಅಲ್ಲಾಡಿಸಿದೆ.

ಆ 4 ಜಿಬಿ ಅಳಿಸಿದ್ದರಿಂದ ಆ ದಿನ ಸಿಕ್ಕಿದ್ದು ನಾಲ್ಕು ಸಾಲು. ಒಂದು ಹಳೆಯ ಬಿಲ್ಡ್ ಅಳಿಸಿದ್ದರೆ 41,000 ಸಿಗುತ್ತಿತ್ತು, ಅದನ್ನು ಮತ್ತೆ ಯಾವಾಗ ಬೇಕಾದರೂ ಕಟ್ಟಬಹುದಿತ್ತು. ಡಿಸ್ಕಿನಲ್ಲಿ ಇರುವುದೆಲ್ಲ ಎರಡು ಜಾತಿ: ಪ್ರೋಗ್ರಾಂ ಮತ್ತೆ ಮಾಡಿಕೊಡುವಂಥದ್ದು, ಯಾರೂ ಮತ್ತೆ ಮಾಡಿಕೊಡಲಾಗದ್ದು. ಈಗ ಇವೆರಡನ್ನೂ ಒಂದೇ ಡಿಸ್ಕಿನಲ್ಲಿ ಇಡುವುದಿಲ್ಲ. ಮುದ್ರಣಗಳು ಬೇರೆ ಎರಡು ಕಡೆ ಇವೆ, ಬಿಲ್ಡ್ ಡಿಸ್ಕಿನಲ್ಲಿ ಒಂದೂ ಇಲ್ಲ.

ಚಿಕ್ಕಪ್ಪನ ಪೇಜಿನಲ್ಲೂ ಒಂದು ಬದಲಾವಣೆ ಆಗಿದೆ. "ಇಂದಿನ ದರ" ಅನ್ನುವ ಮಾತನ್ನು ತೆಗೆದು ತಾರೀಖು, ವಾರವನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ. ಪುಟ ಕಟ್ಟಿದ ಸಮಯ ಪುಟದೊಳಗೇ ಇರುತ್ತದೆ, ನಿಮ್ಮ ಫೋನು ಅದನ್ನು ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ಒಂದೂವರೆ ದಿನ ದಾಟಿದ್ದರೆ ಮೇಲೆ ಕೆಂಪು ಪಟ್ಟಿಯಲ್ಲಿ "ಇದು ಹಳೆಯ ದರ, ಮಂಡಿಗೆ ಫೋನು ಮಾಡಿ ಕೇಳಿ" ಅಂತ ಬರುತ್ತದೆ. ಸರ್ವರು ನಿಂತೇ ಹೋಗಿದ್ದರೂ, ನಾವು ಮಲಗಿದ್ದರೂ ಆ ಪಟ್ಟಿ ಬರುತ್ತದೆ, ಯಾಕೆಂದರೆ ಲೆಕ್ಕ ನಡೆಯುವುದು ನಿಮ್ಮ ಫೋನಿನಲ್ಲಿ.

ಚಿಕ್ಕಪ್ಪ ಈಗಲೂ ಪೇಜು ನೋಡುತ್ತಾರೆ. ನೋಡಿ, ಆಮೇಲೆ ಮಂಡಿಗೊಂದು ಫೋನೂ ಮಾಡುತ್ತಾರೆ.